ತಗ್ಗಿನ ಬದಿಯ ಗೋಡೆ: ಸುಳ್ಯದ ಇಳಿಜಾರಿನಲ್ಲಿ ಒಂದು ಕೆಂಪುಕಲ್ಲಿನ ಮನೆ

ಮೂರನೇ ಗುಂಡಿಯಲ್ಲಿ ಸುಮಾರು 1.3 ಮೀಟರ್ ಇಳಿದ ಮೇಲೆ ಒಂದು ಅಡಿಕೆ ಹಾಳೆ ಸಿಕ್ಕಿತು. ಅರ್ಧ ಕೊಳೆತಿತ್ತು, ಆದರೂ ಹಾಳೆ ಅಂತ ಗುರುತು ಸಿಗುತ್ತಿತ್ತು. ಅದರ ಸುತ್ತ ಕಪ್ಪು ಮಣ್ಣು, ಸಣ್ಣ ಬೇರು, ತರಗೆಲೆ. ಅದೇ ಆ ಜಾಗದ ಹಳೆಯ ನೆಲ. ಅದರ ಮೇಲೆ ಇದ್ದದ್ದೆಲ್ಲ ಹಿಂದಿನ ಬೇಸಗೆಯಲ್ಲಿ ಜೆಸಿಬಿ ಗುಡ್ಡದಿಂದ ಕಡಿದು ಮುಂದಕ್ಕೆ ದೂಡಿದ ಮಣ್ಣು. ಮೇಲಿನಿಂದ ನೋಡಿದರೆ ಹದವಾದ ಸಮತಟ್ಟು, ಹುಲ್ಲೂ ಬಂದಿತ್ತು. ಮನೆಯ ಮುಂದಿನ ಅರ್ಧ ನಿಲ್ಲಬೇಕಾಗಿದ್ದುದು ಆ ಸಡಿಲ ಮಣ್ಣಿನ ಮೇಲೆ.

ಜಾಗ ಇರುವುದು ಸುಳ್ಯದಿಂದ ಮಡಿಕೇರಿ ಕಡೆ ಹೋಗುವ ದಾರಿಯಿಂದ ಒಳಗೆ, ಒಂದು ಅಡಿಕೆ ತೋಟದ ಮೇಲ್ಬದಿ. ಇಳಿಜಾರು ಸುಮಾರು 20 ಡಿಗ್ರಿ. ಮನೆ ಕೆಂಪುಕಲ್ಲಿನದು. ಕಾಂಕ್ರೀಟ್ ಕಂಬ ಇಲ್ಲ, ಗೋಡೆಯೇ ಭಾರ ಹೊರಬೇಕು. ಈಗ ಒಂದು ಮಹಡಿ, ಮಗನ ಮದುವೆಯ ಹೊತ್ತಿಗೆ ಮೇಲೊಂದು ಅಂತ ಮನೆಯವರ ಲೆಕ್ಕ. ಅವರು ನನ್ನನ್ನು ಕರೆದದ್ದು ನಕ್ಷೆ ಮಾಡಿಸಲು ಅಲ್ಲ. ನಕ್ಷೆ ಆಗಲೇ ಇತ್ತು. ಅವರ ಪ್ರಶ್ನೆ ಒಂದೇ: "2022ರಲ್ಲಿ ನಡುಗಿತಲ್ಲ, ಹಾಗೆ ಆದರೆ ಇದು ನಿಲ್ಲುತ್ತದಾ?"

ಆ ವರ್ಷ ಜೂನ್ ಕೊನೆಯಲ್ಲಿ ಸುಳ್ಯ ಮತ್ತು ಕೊಡಗಿನ ಗಡಿ ಊರುಗಳಲ್ಲಿ ಭೂಮಿ ಹಲವು ಸಲ ನಡುಗಿತು. ಚೆಂಬು ಕಡೆ ಕೇಂದ್ರವಿದ್ದ ದೊಡ್ಡ ನಡುಕದ ಪ್ರಮಾಣ 3ರ ಆಸುಪಾಸು. ಅಷ್ಟಕ್ಕೆ ಸರಿಯಾಗಿ ಕಟ್ಟಿದ ಮನೆ ಬೀಳುವುದಿಲ್ಲ. ನಾವು ಲೆಕ್ಕಕ್ಕೆ ಹಿಡಿಯಬೇಕಾದ್ದು ಅದಕ್ಕಿಂತ ತುಂಬ ದೊಡ್ಡದನ್ನು. ಭೂಕಂಪಕ್ಕೆ ಇರುವ ಭಾರತದ ಕಟ್ಟಡ ಕೋಡ್ ಐಎಸ್ 1893ರ 2016ರ ಆವೃತ್ತಿಯ ಪ್ರಕಾರ ಮಂಗಳೂರು ಭೂಕಂಪ ಅಪಾಯದ 3ನೇ ವಲಯದಲ್ಲಿದೆ. ಈ ಮನೆಗೂ ಅದನ್ನೇ ಹಿಡಿದೆ. ವಲಯ ಸಣ್ಣದು ಅಂತ ಧೈರ್ಯ ಮಾಡಿಕೊಳ್ಳುವವರಿಗೆ ಮಹಾರಾಷ್ಟ್ರದ ಕಿಲ್ಲಾರಿಯ ನೆನಪು ಸಾಕು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಅಲ್ಲಿ ಭೂಕಂಪವಾದಾಗ ಆ ಊರು ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು. ಜನ ಸತ್ತದ್ದು ಹೆಚ್ಚಾಗಿ ತಮ್ಮದೇ ಮನೆಯ ದಪ್ಪ ಕಲ್ಲುಗೋಡೆಗಳ ಅಡಿಯಲ್ಲಿ.

ನಕ್ಷೆಯಲ್ಲಿ ಏನಿತ್ತು

ಮನೆಯ ಅಳತೆ 10.2 ಮೀಟರ್ ಉದ್ದ, 7.5 ಮೀಟರ್ ಅಗಲ. ನಕ್ಷೆ ಮಾಡಿದವರು ಉದ್ದದ ಬದಿಯನ್ನು ಇಳಿಜಾರಿನ ಉದ್ದಕ್ಕೆ, ಅಂದರೆ ಗುಡ್ಡದಿಂದ ತಗ್ಗಿನ ಕಡೆಗೆ ಇಟ್ಟಿದ್ದರು. 20 ಡಿಗ್ರಿಯಲ್ಲಿ 10.2 ಮೀಟರಿಗೆ ನೆಲ 3.7 ಮೀಟರ್ ಇಳಿಯುತ್ತದೆ. ಒಂದು ಇಡೀ ಮಹಡಿಯಷ್ಟು. ಅದನ್ನು ಸಮ ಮಾಡಲು ಹಿಂದೆ ಕಡಿಯಬೇಕು, ಮುಂದೆ ತುಂಬಬೇಕು. ಎರಡೂ ಜಾಸ್ತಿ.

ನಾನು ಮಾಡಿದ ಮೊದಲ ಬದಲಾವಣೆ ಮನೆಯನ್ನು ತಿರುಗಿಸಿದ್ದು. ಉದ್ದದ ಬದಿ ಗುಡ್ಡಕ್ಕೆ ಸಮಾನಾಂತರವಾಗಿ ಬಂತು. ಈಗ ಇಳಿತ 7.5 ಮೀಟರಿಗೆ 2.7 ಮೀಟರ್ ಮಾತ್ರ. ಅರ್ಧ ಕಡಿತ, ಅರ್ಧ ತುಂಬು ಅಂದರೆ ಎರಡೂ ಕಡೆ 1.35 ಮೀಟರ್. ಹಿಂದಿನ ಗೋಡೆಗೂ ಗುಡ್ಡ ಕಡಿದ ಧರೆಗೂ ನಡುವೆ ಒಂದೂವರೆ ಮೀಟರ್ ಜಾಗ ಬಿಟ್ಟರೆ ಧರೆಯ ಎತ್ತರ 1.9 ಮೀಟರ್ ಆಗುತ್ತದೆ. ಅದನ್ನು ಹಿಂದಕ್ಕೆ ವಾಲಿಸಿ ಕಗ್ಗಲ್ಲಿನ ತಡೆಗೋಡೆ ಕಟ್ಟಬಹುದು. ಬುಡದಲ್ಲಿ ಚರಂಡಿ, ಗೋಡೆಯಲ್ಲಿ ನೀರು ಬಸಿಯಲು ತೂತು. ಮನೆಯ ಗೋಡೆಯನ್ನೇ ಧರೆಗೆ ಒತ್ತಿ ಕಟ್ಟಿ ಅದನ್ನೇ ತಡೆಗೋಡೆ ಮಾಡುವುದು ಎಷ್ಟೋ ಕಡೆ ಕಾಣುತ್ತದೆ. ಹಾಗೆ ಮಾಡಿದರೆ ಮಳೆಗಾಲದ ಮಣ್ಣಿನ ಒತ್ತಡ ಪೂರ್ತಿ ಹಿಂದಿನ ಗೋಡೆಗೆ ಬರುತ್ತದೆ. ನಡುಗಿದಾಗ ಅದು ಇನ್ನೂ ಜಾಸ್ತಿ. 23 ಸೆಂ.ಮೀ. ಗೋಡೆ ಆ ಕೆಲಸಕ್ಕೆ ಹುಟ್ಟಿದ್ದಲ್ಲ.

ಇನ್ನೊಂದು ತೊಂದರೆ ಇತ್ತು. ತಗ್ಗಿನ ಬದಿಯಲ್ಲಿ ಒಳ್ಳೆ ನೋಟ ಸಿಗುತ್ತದೆ. ಕೆಳಗೆ ತೋಟ, ಆಚೆ ಗುಡ್ಡ, ಮಳೆಗಾಲದಲ್ಲಿ ಮಂಜು. ಹಾಗಾಗಿ ದೊಡ್ಡ ಕಿಟಕಿಗಳೆಲ್ಲ ಅದೇ ಗೋಡೆಗೆ ಬಂದಿದ್ದವು. ಗುಡ್ಡದ ಬದಿ ಕತ್ತಲು ಮತ್ತು ತೇವ, ಅಲ್ಲಿ ಅಡಿಗೆ ಮನೆ, ಬಚ್ಚಲು. ಕಿಟಕಿ ಸಣ್ಣ ಸಣ್ಣದು. ಇಳಿಜಾರಿನ ಹೆಚ್ಚಿನ ಮನೆಗಳಲ್ಲಿ ಹೀಗೇ ಆಗುತ್ತದೆ. ಈ ಪ್ರಕರಣದ ಗಂಟು ಇರುವುದೂ ಇಲ್ಲೇ. ತಗ್ಗಿನ ಬದಿಯ ಗೋಡೆಯ ಪಂಚಾಂಗ, ಅಂದರೆ ಅಡಿಪಾಯ, ಎಲ್ಲಕ್ಕಿಂತ ಆಳ, ಅದರ ಕೆಳಗಿನ ನೆಲ ಎಲ್ಲಕ್ಕಿಂತ ಸಡಿಲ, ಮತ್ತೆ ಅತಿ ಹೆಚ್ಚು ತೂತು ಇರುವುದೂ ಅದಕ್ಕೇ. ಮೂರು ಬಲಹೀನತೆ ಒಂದೇ ಗೋಡೆಯಲ್ಲಿ ಸೇರುತ್ತವೆ.

ಗುಡ್ಡಕ್ಕೆ ಸಮಾನಾಂತರವಾಗಿ ಭೂಮಿ ಅಲುಗಿದರೆ ಹಿಂದಿನ ಗೋಡೆ ಗಟ್ಟಿಯಾಗಿ ನಿಲ್ಲುತ್ತದೆ, ಮುಂದಿನದು ಬಳುಕುತ್ತದೆ. ಆಗ ಮನೆ ನೇರವಾಗಿ ಅಲುಗುವುದಿಲ್ಲ. ಹಿಂದಿನ ಗೋಡೆ ತಿರುಗಣಿಯ ಹಾಗೆ, ಇಡೀ ಮನೆ ಕದದ ಹಾಗೆ ತಿರುಚಿಕೊಳ್ಳುತ್ತದೆ. ಮುಂದಿನ ಎರಡು ಮೂಲೆಗಳು ಅತಿ ದೂರ ಓಡಾಡುತ್ತವೆ. ಮೊದಲು ಬಿರಿಯುವುದು ಅವೇ.

ಪಂಚಾಂಗ: ಒಂದೇ ಜಾತಿಯ ನೆಲಕ್ಕೆ ಇಳಿಸುವುದು

ಮೂರು ಗುಂಡಿಗಳಲ್ಲಿ ಹಿಂದಿನದರಲ್ಲಿ 30 ಸೆಂ.ಮೀ. ಕೆಳಗೇ ಗಟ್ಟಿ ಜಂಬಿಟ್ಟಿಗೆ ಮಣ್ಣು ಬಂತು. ಮುಂದಿನದರಲ್ಲಿ ಹಾಳೆ ಸಿಕ್ಕಿದ ಪದರದ ಕೆಳಗೆ ಅದೇ ಮಣ್ಣು. ಅಂದರೆ ಗಟ್ಟಿ ನೆಲ ಇದೆ, ಅದು ಇಳಿಜಾರಾಗಿ ಇದೆ ಅಷ್ಟೇ. ಪಂಚಾಂಗ ಎಲ್ಲ ಕಡೆ ಅದನ್ನು ಮುಟ್ಟಬೇಕು.

"ಒಂದು ಮಳೆಗಾಲ ಬಿಟ್ಟರೆ ಮಣ್ಣು ತಾನೇ ಕೂರುತ್ತದೆ" ಅಂತ ಮೇಸ್ತ್ರಿ ಹೇಳಿದರು. ಮೇಲಿನ ಒಂದಡಿ ಕೂರುತ್ತದೆ, ನಿಜ. ಆದರೆ ಕೆಳಗೆ ಕೊಳೆಯುತ್ತಿರುವ ಎಲೆ, ಬೇರಿನ ಪದರ ಇದೆ. ಅದು ಕರಗಿ ಜಾರುವ ಹಾಸಿನ ಹಾಗೆ ಆಗುತ್ತದೆ. ತುಂಬಿದ ಮಣ್ಣು ಅದರ ಮೇಲೆ ಒಟ್ಟಾಗಿ ತಗ್ಗಿಗೆ ಸರಿಯಬಹುದು. ತುಂಬುವ ಮೊದಲು ಹಳೆಯ ಮೇಲ್ಮಣ್ಣನ್ನು ಕೆರೆದು ತೆಗೆದು, ನೆಲವನ್ನು ಮೆಟ್ಟಿಲಾಗಿ ಕಡಿದಿದ್ದರೆ ಈ ಮಾತೇ ಬರುತ್ತಿರಲಿಲ್ಲ. ಜೆಸಿಬಿ ಬರುವ ದಿನ ಯಾರಾದರೂ ಅಲ್ಲಿ ನಿಂತು ಇದನ್ನು ಹೇಳಬೇಕಿತ್ತು.

ಸಮತಟ್ಟಿನಿಂದ ಲೆಕ್ಕ ಹಾಕಿದರೆ ಹಿಂದಿನ ಗೋಡೆಯ ಪಂಚಾಂಗ 75 ಸೆಂ.ಮೀ. ಆಳ. ಮುಂದಿನದು ತುಂಬಿದ 1.35 ಮೀಟರ್ ದಾಟಿ, ಹಳೆಯ ನೆಲದೊಳಗೆ 60 ಸೆಂ.ಮೀ. ಹೋಗಿ, ಒಟ್ಟು 1.95 ಮೀಟರ್. ಎರಡರ ನಡುವೆ 1.2 ಮೀಟರ್ ವ್ಯತ್ಯಾಸ. ಇದನ್ನು ಅಡ್ಡಗೋಡೆಗಳ ಪಂಚಾಂಗದಲ್ಲಿ 40 ಸೆಂ.ಮೀ.ನ ಮೂರು ಮೆಟ್ಟಿಲಾಗಿ ಹಂಚಿದೆವು. ಪ್ರತಿ ಮೆಟ್ಟಿಲಿನ ತಳ ಸಮತಟ್ಟಾಗಿರಬೇಕು. ಇಳಿಜಾರಿನ ಹಾಗೇ ಓರೆಯಾಗಿ ಕಾಂಕ್ರೀಟ್ ಹಾಕಿದರೆ ಪಂಚಾಂಗವೇ ಜಾರುಬಂಡೆ. ಮೇಲಿನ ಮೆಟ್ಟಿಲಿನ ಕಾಂಕ್ರೀಟ್ ಕೆಳಗಿನದರ ಮೇಲೆ 60 ಸೆಂ.ಮೀ. ಹಾಯುವ ಹಾಗೆ ಇಟ್ಟೆವು.

ಇಳಿಜಾರಿನ ಅಂಚಿಗೆ ಪಂಚಾಂಗ ಎಷ್ಟು ಹತ್ತಿರ ಬರಬಹುದು ಅನ್ನುವುದಕ್ಕೆ ಐಎಸ್ 1904 ಒಂದು ಸರಳ ಅಳತೆ ಕೊಡುತ್ತದೆ. ಪಂಚಾಂಗದ ಕೆಳ ಅಂಚಿನಿಂದ ಅಡ್ಡಕ್ಕೆ ಇಳಿಜಾರಿನ ಮೈಗೆ ಮಣ್ಣಾದರೆ ಕನಿಷ್ಠ 90 ಸೆಂ.ಮೀ., ಬಂಡೆಯಾದರೆ 60 ಸೆಂ.ಮೀ. ಇರಬೇಕು. ನಮ್ಮಲ್ಲಿ ಹಳೆಯ ನೆಲದ ಮೈಗೆ ಸುಮಾರು ಒಂದೂವರೆ ಮೀಟರ್ ಸಿಕ್ಕಿತು. ಇಲ್ಲಿ ಒಂದು ಎಚ್ಚರ ಬೇಕು. ಅಳೆಯಬೇಕಾದ್ದು ಹಳೆಯ ನೆಲದ ಮೈಗೆ, ತುಂಬಿದ ಮಣ್ಣಿನ ಮೈಗೆ ಅಲ್ಲ. ತುಂಬಿದ್ದು ನಾಳೆ ಇಲ್ಲದೇ ಹೋಗಬಹುದು.

ಮುಂದಿನ ಪಂಚಾಂಗಕ್ಕೆ ಇನ್ನೊಂದು ಕೆಲಸವೂ ಇದೆ. ಮನೆಯ ನೆಲದ ಅಡಿಗೆ ತುಂಬಿದ ಮಣ್ಣನ್ನು ಅದು ಹಿಡಿದು ನಿಲ್ಲಿಸಬೇಕು. ಹಾಗಾಗಿ ಅದು ತಳದಲ್ಲಿ 75 ಸೆಂ.ಮೀ., ಮೇಲೆ 45 ಸೆಂ.ಮೀ. ಅಗಲದ ಕಗ್ಗಲ್ಲಿನ ಕಟ್ಟಣೆ. ಗಾರೆ 1:6. ಒಳಗಿನ ಹಾಳೆಮಣ್ಣು ಪೂರ್ತಿ ತೆಗೆದು, 15 ಸೆಂ.ಮೀ. ಪದರದಲ್ಲಿ ಮಣ್ಣು ಹಾಕಿ ದಮ್ಮಸ್ಸು ಮಾಡಿದೆವು. ಅಡ್ಡಗೋಡೆಯ ಪಂಚಾಂಗಗಳು ಇದಕ್ಕೆ ಹಿಂದಿನಿಂದ ಆನಿಕೆ ಕೊಡುತ್ತವೆ. ಅದಕ್ಕಾಗಿ ಮೂಲೆಗಳಲ್ಲಿ ಎರಡನ್ನೂ ಒಟ್ಟಿಗೇ ಎಬ್ಬಿಸಬೇಕು. ಒಂದನ್ನು ಕಟ್ಟಿ ಮುಗಿಸಿ ಇನ್ನೊಂದನ್ನು ಆಮೇಲೆ ತಾಗಿಸುವುದು ಸಲ್ಲದು.

ಕಿಟಕಿಗಳ ಲೆಕ್ಕ

ಭಾರ ಹೊರುವ ಗೋಡೆಯ ತೂತುಗಳಿಗೆ ಐಎಸ್ 4326ರಲ್ಲಿ ಮಿತಿ ಇದೆ. 3ನೇ ವಲಯದ ಸಾಮಾನ್ಯ ಮನೆ ಅದರಲ್ಲಿ ಸಿ ವರ್ಗಕ್ಕೆ ಬರುತ್ತದೆ. ಎರಡು ಅಡ್ಡಗೋಡೆಗಳ ನಡುವಿನ ಗೋಡೆಯ ಉದ್ದದಲ್ಲಿ ಬಾಗಿಲು ಕಿಟಕಿಗಳ ಒಟ್ಟು ಅಗಲ ಒಂದೇ ಮಹಡಿಯಾದರೆ ಶೇ. 55, ಎರಡಾದರೆ ಶೇ. 46 ಮೀರಬಾರದು. ಒಳಮೂಲೆಯಿಂದ ತೂತಿನವರೆಗೆ ಕನಿಷ್ಠ 23 ಸೆಂ.ಮೀ. ಗೋಡೆ ಬೇಕು. ಎರಡು ತೂತುಗಳ ನಡುವೆ ಕನಿಷ್ಠ 45 ಸೆಂ.ಮೀ. ಮನೆಯವರು ಮುಂದೆ ಮಹಡಿ ಎಬ್ಬಿಸುವವರು, ಹಾಗಾಗಿ ನಾನು ಹಿಡಿದದ್ದು ಶೇ. 46. ಕೆಳಗಿನ ಕಿಟಕಿಯನ್ನು ಹತ್ತು ವರ್ಷ ಬಿಟ್ಟು ಸಣ್ಣದು ಮಾಡಲು ಆಗುವುದಿಲ್ಲ, ಅಲ್ವಾ?

ಚಾವಡಿಯ ಮುಂದಿನ ಗೋಡೆ ಒಳ ಅಳತೆಯಲ್ಲಿ 5.6 ಮೀಟರ್. ನಕ್ಷೆಯಲ್ಲಿ ಅದಕ್ಕೆ 1.2 ಮೀಟರ್ ಬಾಗಿಲು, ಎರಡು ಬದಿ 1.5 ಮೀಟರಿನ ಎರಡು ಕಿಟಕಿ. ಒಟ್ಟು 4.2 ಮೀಟರ್, ಅಂದರೆ ಶೇ. 75. ಒಂದು ಕಿಟಕಿ ಸರಿಯಾಗಿ ಮೂಲೆಯಿಂದಲೇ ಶುರು. ಉಳಿದ ಗೋಡೆ 1.4 ಮೀಟರ್, ಅದೂ 40, 40, 60 ಸೆಂ.ಮೀ.ನ ಮೂರು ತುಂಡು. ಪಕ್ಕದ ಮಲಗುವ ಕೋಣೆಯಲ್ಲಿ 3.9 ಮೀಟರಿಗೆ 2.7 ಮೀಟರ್ ಕಿಟಕಿ, ಶೇ. 69.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ನಾನು ಭೂಕಂಪದ ಬಲದ ಲೆಕ್ಕವನ್ನೂ ಹಾಕಿದೆ. ಸೂತ್ರ ಇಷ್ಟೇ:

```
Ah = (Z/2) × (I/R) × (Sa/g)
```

Ah ಅಂದರೆ ಮನೆಯ ತೂಕದ ಎಷ್ಟು ಪಾಲು ಅಡ್ಡಕ್ಕೆ ತಳ್ಳುತ್ತದೆ ಅನ್ನುವುದು. Z ವಲಯದ ಅಂಕ, I ಕಟ್ಟಡದ ಮಹತ್ವದ ಅಂಕ, Sa/g ಕಟ್ಟಡ ನಡುಕಕ್ಕೆ ಎಷ್ಟು ಸ್ಪಂದಿಸುತ್ತದೆ ಅನ್ನುವ ಅಂಕ. 3ನೇ ವಲಯಕ್ಕೆ Z 0.16. ಮನೆಗೆ I 1. ಗಿಡ್ಡ ಕಲ್ಲಿನ ಮನೆಗೆ Sa/g 2.5. R ಅನ್ನುವುದು ಮನೆ ಬಿರುಕು ಬಿಟ್ಟ ಮೇಲೂ ಎಷ್ಟು ತಾಳುತ್ತದೆ ಅನ್ನುವುದಕ್ಕೆ ಕೊಡುವ ಅಂಕ. ಗೋಡೆಗಳನ್ನು ಸುತ್ತುವ ಕಾಂಕ್ರೀಟಿನ ಬೆಲ್ಟ್ ಇಲ್ಲದ ಕಲ್ಲಿನ ಗೋಡೆಗೆ 1.5. ಬೆಲ್ಟೂ ಇದ್ದು, ಮೂಲೆ ಮತ್ತು ತೂತಿನ ಅಂಚುಗಳಲ್ಲಿ ನೆಟ್ಟ ಕಂಬಿಯೂ ಇದ್ದರೆ 2.5. ಮೊದಲನೆಯದಕ್ಕೆ Ah ಸುಮಾರು 0.13 ಬರುತ್ತದೆ, ಎರಡನೆಯದಕ್ಕೆ 0.08. ತಾರಸಿ ಮತ್ತು ಗೋಡೆಯ ಮೇಲರ್ಧ ಸೇರಿ ಈ ಮನೆಯ ತೂಕ ಸುಮಾರು 65 ಟನ್. ಬೆಲ್ಟ್ ಇಲ್ಲದಿದ್ದರೆ ತಾರಸಿಯ ಮಟ್ಟದಲ್ಲಿ ಅಡ್ಡಕ್ಕೆ ಸುಮಾರು 8.7 ಟನ್ ತಳ್ಳಿದ ಹಾಗೆ ಅಂತ ಹಿಡಿದು ವಿನ್ಯಾಸ ಮಾಡಬೇಕು. ಅರ್ಧ ಮುಂದಿನ ಗೋಡೆಗೆ ಬಂತು ಅಂದುಕೊಂಡರೂ, ಹಳೆಯ ನಕ್ಷೆಯ ಆ ಸಣ್ಣ ತುಂಡುಗಳ ಮೇಲಿನ ಸರಾಸರಿ ಒತ್ತಡ ಅನುಮತಿ ಇದ್ದಷ್ಟರೊಳಗೇ ಬಂತು. ಲೆಕ್ಕದಲ್ಲಿ ಪಾಸು!

ಹಾಗಿದ್ದರೆ ತಪ್ಪು ಎಲ್ಲಿ? ಸರಾಸರಿಯಲ್ಲೇ. 40 ಸೆಂ.ಮೀ. ಅಗಲ, ಬಾಗಿಲಿನ ಬದಿ 2.1 ಮೀಟರ್ ಎತ್ತರದ ತುಂಡು ಗೋಡೆಯಾಗಿ ಕೆಲಸ ಮಾಡುವುದಿಲ್ಲ. ಒಂದರ ಮೇಲೊಂದು ಕಲ್ಲು ಪೇರಿಸಿದ ಕಂಬದ ಹಾಗೆ ಅದು ಬುಡದಲ್ಲಿ ಒಂದು ಅಂಚಿನ ಮೇಲೆ, ಮತ್ತೆ ಇನ್ನೊಂದು ಅಂಚಿನ ಮೇಲೆ ತೂಗಾಡುತ್ತದೆ. ಕೆಂಪುಕಲ್ಲು ಮೆದು. ಐಎಸ್ 3620 ಅದಕ್ಕೆ ಕೇಳುವ ಕನಿಷ್ಠ ಬಲವೇ 3.5 ಮೆಗಾಪಾಸ್ಕಲ್. ಆ ಅಂಚುಗಳು ಪುಡಿಯಾಗುತ್ತವೆ. ಮೂಲೆಯಲ್ಲಿ ಗೋಡೆಯೇ ಇಲ್ಲದಿದ್ದರೆ ಅಡ್ಡಗೋಡೆಯನ್ನು ಹಿಡಿಯಲು ಯಾರೂ ಇಲ್ಲ, ಅದು ಹೊರಕ್ಕೆ ಬೀಳುತ್ತದೆ. ಇದನ್ನು ಆ ಸೂತ್ರ ಹೇಳುವುದಿಲ್ಲ. ಕೋಡಿನ ಆ ಸಣ್ಣ ಅಳತೆಗಳು ಹೇಳುತ್ತವೆ. ಅದಕ್ಕೇ ಸಣ್ಣ ಮನೆಗಳಲ್ಲಿ ನಾನು ಲೆಕ್ಕಕ್ಕಿಂತ ಅವನ್ನೇ ಹೆಚ್ಚು ನಂಬುತ್ತೇನೆ.

ಹೊಸ ನಕ್ಷೆಯಲ್ಲಿ ಚಾವಡಿಗೆ 1.1 ಮೀಟರ್ ಬಾಗಿಲು, 1.4 ಮೀಟರಿನ ಒಂದೇ ಕಿಟಕಿ. ಒಟ್ಟು 2.5 ಮೀಟರ್, ಶೇ. 45ಕ್ಕಿಂತ ಸ್ವಲ್ಪ ಕಡಿಮೆ. ಎರಡೂ ಮೂಲೆಗಳಲ್ಲಿ 90 ಸೆಂ.ಮೀ. ಗೋಡೆ, ನಡುವೆ 1.3 ಮೀಟರ್. ಮಲಗುವ ಕೋಣೆಗೆ ನಡುವಿನಲ್ಲಿ 1.5 ಮೀಟರಿನ ಒಂದು ಕಿಟಕಿ, ಶೇ. 38. ಹಿಂದಿನ ಗೋಡೆಯಲ್ಲಿ ಅಡಿಗೆ ಮನೆಯ ಕಿಟಕಿಯನ್ನು 60 ಸೆಂ.ಮೀ.ನಿಂದ 1.2 ಮೀಟರಿಗೆ ಹಿಗ್ಗಿಸಿದೆವು. ಇದರಿಂದ ಅಲ್ಲಿ ಬೆಳಕೂ ಬಂತು, ಎರಡು ಗೋಡೆಗಳ ನಡುವಿನ ಅಂತರವೂ ಇಳಿಯಿತು. ಮೊದಲು ಮುಂದಿನ ಗೋಡೆಯಲ್ಲಿ ಶೇ. 73 ತೂತು, ಹಿಂದಿನದರಲ್ಲಿ 22. ಈಗ 42 ಮತ್ತು 28. ತಿರುಚುವುದು ಪೂರ್ತಿ ಹೋಗಲಿಲ್ಲ, ಆದರೆ ಬಹಳ ಕಡಿಮೆಯಾಯಿತು.

ಮನೆಯ ಅಮ್ಮನಿಗೆ ಬೇಸರವಾಯಿತು. "ಅಷ್ಟು ಚಂದದ ಗುಡ್ಡ ಎದುರಿಗೆ ಇಟ್ಟುಕೊಂಡು ಗೋಡೆ ನೋಡುತ್ತಾ ಕೂರುವುದಾ ಮಗಾ?" ಅಂದರು. ನ್ಯಾಯವಾದ ಮಾತು. ಕಿಟಕಿಯನ್ನು ಅಗಲದ ಬದಲು ಕೆಳಕ್ಕೆ ಇಳಿಸಿ, ನೆಲದಿಂದ 60 ಸೆಂ.ಮೀ. ಎತ್ತರಕ್ಕೆ ತಂದೆವು. ಕುರ್ಚಿಯಲ್ಲಿ ಕೂತರೆ ತೋಟದ ತುದಿಯವರೆಗೆ ಕಾಣುತ್ತದೆ. ಅದಕ್ಕಿಂತ ಕೆಳಗೆ ಇಳಿಸಲು ನಾನು ಒಪ್ಪಲಿಲ್ಲ, ಕಿಟಕಿ ಎತ್ತರವಾದಷ್ಟೂ ಪಕ್ಕದ ಗೋಡೆ ಸಪೂರವಾಗುತ್ತದೆ. ಉಳಿದ ನೋಟಕ್ಕೆ ಹೊರಗೆ ಜಗಲಿ. ಸಪೂರ ಕಂಬಗಳ ಮೇಲೆ ಹಗುರ ಹಂಚಿನ ಮಾಡು. ಮನೆಯ ಗೋಡೆಗೆ ಅಂಟದ ಹಾಗೆ ನಡುವೆ 25 ಮಿ.ಮೀ. ಸಂದು.

ಬೆಲ್ಟ್

"ಲಿಂಟಲ್ ಹಾಕ್ತೇವಲ್ಲ ಸರ್, ಮತ್ತೆ ಎಂತಕ್ಕೆ ಬೆಲ್ಟು?" ಇದು ಪ್ರತಿ ಸೈಟಿನಲ್ಲೂ ಬರುವ ಪ್ರಶ್ನೆ. ಲಿಂಟಲ್ ಅಂದರೆ ತೂತಿನ ಮೇಲಿನ ತುಂಡು. ಅದರ ಕೆಲಸ ಮೇಲಿನ ಕಲ್ಲು ಕೆಳಗೆ ಬೀಳದ ಹಾಗೆ ಹೊರುವುದು. ಬೆಲ್ಟ್ ಅಂದರೆ ಎಲ್ಲ ಗೋಡೆಗಳ ಮೇಲೆ, ಒಳಗಿನವೂ ಸೇರಿ, ಎಲ್ಲೂ ಕಡಿಯದೆ ಸುತ್ತುವ ಕಾಂಕ್ರೀಟಿನ ಪಟ್ಟಿ.

ಒಂದು ಹಲಗೆಯನ್ನು ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿ ಉದ್ದಕ್ಕೆ ತಳ್ಳಿದರೆ ಅಲುಗುವುದಿಲ್ಲ. ಅಡ್ಡಕ್ಕೆ ಬೆರಳು ಮುಟ್ಟಿಸಿದರೆ ಸಾಕು, ಬೀಳುತ್ತದೆ. ಗೋಡೆಯೂ ಹಾಗೇ. ನಡುಗುವಾಗ ಪ್ರತಿ ಕ್ಷಣ ಎರಡು ಗೋಡೆಗಳು ಉದ್ದಕ್ಕೆ, ಎರಡು ಅಡ್ಡಕ್ಕೆ ತಳ್ಳಿಸಿಕೊಳ್ಳುತ್ತಿರುತ್ತವೆ. ಅಡ್ಡಕ್ಕೆ ಸಿಕ್ಕಿದ್ದನ್ನು ಉದ್ದಕ್ಕೆ ನಿಂತದ್ದು ಹಿಡಿದುಕೊಳ್ಳಬೇಕು. ಹಿಡಿಯುವ ಕೈ ಬೆಲ್ಟ್. ಬುಟ್ಟಿ ಹೆಣೆಯುವವರು ಬಾಯಿಗೆ ದಂಡೆ ಕಟ್ಟದಿದ್ದರೆ ಕಡ್ಡಿಗಳು ಬಿಚ್ಚಿಕೊಳ್ಳುತ್ತವಲ್ಲ, ಹಾಗೆ.

ಈ ಮನೆಗೆ ಎರಡು ಬೆಲ್ಟ್ ಮತ್ತು ಮೇಲೆ ತಾರಸಿ. ತಾರಸಿಯ ಕಾಂಕ್ರೀಟ್ ಹೊರಗೋಡೆಯ ಪೂರ್ತಿ ದಪ್ಪಕ್ಕೆ ಕೂತರೆ ಅದೇ ಮೇಲಿನ ಬೆಲ್ಟ್ ಆಗುತ್ತದೆ, ಬೇರೆ ಬೇಕಿಲ್ಲ. ಪಂಚಾಂಗದ ತಲೆಯ ಮೇಲೆ ಬರುವ ಪ್ಲಿಂತ್ ಬೆಲ್ಟನ್ನು ಕೋಡ್ ಎಲ್ಲ ಕಡೆ ಒತ್ತಾಯ ಮಾಡುವುದಿಲ್ಲ. ನೆಲ ಮೆದುವಾಗಿದ್ದರೆ ಅಥವಾ ಒಂದೊಂದು ಕಡೆ ಒಂದೊಂದು ಥರ ಇದ್ದರೆ ಬೇಕು ಅನ್ನುತ್ತದೆ, ಗುಡ್ಡಗಾಡಿನ ಹೆಸರನ್ನೇ ಹೇಳುತ್ತದೆ. ಇಲ್ಲಿ ಹಿಂದೆ 75 ಸೆಂ.ಮೀ., ಮುಂದೆ 1.95 ಮೀಟರ್ ಆಳದ ಪಂಚಾಂಗ. ಎರಡೂ ಒಂದೇ ಥರ ಕೂರುವುದಿಲ್ಲ. ಹಾಗಾಗಿ ಪ್ಲಿಂತ್ ಬೆಲ್ಟನ್ನು 15 ಸೆಂ.ಮೀ. ದಪ್ಪ ಮಾಡಿ, 10 ಮಿ.ಮೀ.ನ ನಾಲ್ಕು ಕಂಬಿ ಹಾಕಿದೆವು. ಲಿಂಟಲ್ ಬೆಲ್ಟ್ 10 ಸೆಂ.ಮೀ. ದಪ್ಪ, 10 ಮಿ.ಮೀ.ನ ಎರಡು ಕಂಬಿ. 6 ಮೀಟರ್ ಉದ್ದದ ಗೋಡೆಗೆ ಸಿ ವರ್ಗದಲ್ಲಿ 8 ಮಿ.ಮೀ.ನ ಎರಡೇ ಸಾಕಿತ್ತು. ತಿರುಚುವ ಮನೆಗೆ ಸ್ವಲ್ಪ ಜಾಸ್ತಿ ಇರಲಿ ಅಂತ ಹಾಗೆ ಮಾಡಿದೆ. ಎರಡರಲ್ಲೂ 15 ಸೆಂ.ಮೀ.ಗೆ ಒಂದರಂತೆ 6 ಮಿ.ಮೀ. ರಿಂಗು.

ಒಟ್ಟು 50 ಮೀಟರ್ ಗೋಡೆಗೆ ಮೂರು ಘನ ಮೀಟರಿಗಿಂತ ಕಡಿಮೆ ಕಾಂಕ್ರೀಟ್. ನೆಟ್ಟ ಕಂಬಿಗಳೂ ಸೇರಿ ಸುಮಾರು 320 ಕೆ.ಜಿ. ಕಬ್ಬಿಣ.

ಬೆಲ್ಟ್ ಒಂದೇ ಮಟ್ಟದಲ್ಲಿ ಹೋಗಬೇಕಾದರೆ ಎಲ್ಲ ಬಾಗಿಲು ಕಿಟಕಿಗಳ ತಲೆ ಒಂದೇ ಮಟ್ಟದಲ್ಲಿರಬೇಕು. ನಾವು 2.1 ಮೀಟರಿಗೆ ನಿಲ್ಲಿಸಿದೆವು, ಬಚ್ಚಲಿನ ಗವಾಕ್ಷಿಯೂ ಅದಕ್ಕೇ. ಅದನ್ನು ಕಡಿಯುತ್ತಿದ್ದದ್ದು ಮೆಟ್ಟಿಲಿನ ನಡುವಿನ ಕಿಟಕಿ. ಬೆಳಕಿಗೆ ಅಂತ ಅದನ್ನು 1.8 ಮೀಟರಿನಿಂದ 2.7 ಮೀಟರಿನವರೆಗೆ ಇಟ್ಟಿದ್ದರು. ಸರಿಯಾಗಿ ಬೆಲ್ಟಿನ ದಾರಿಯಲ್ಲಿ. ಅದನ್ನು ಬೆಲ್ಟಿನ ಕೆಳಗೆ ಇಳಿಸಿದೆವು. ಒಂದು ಕಡೆ ಕಡಿದ ಬೆಲ್ಟ್ ಬಕಲ್ ಇಲ್ಲದ ಸೊಂಟಪಟ್ಟಿ.

ಮೂಲೆಯಲ್ಲಿ ಏನಾಯಿತು

ಲಿಂಟಲ್ ಬೆಲ್ಟಿಗೆ ಕಾಂಕ್ರೀಟ್ ಹಾಕುವ ಹಿಂದಿನ ಸಂಜೆ ಸೈಟಿಗೆ ಹೋದೆ. ಹಲಗೆ ಕಟ್ಟಿ ಆಗಿತ್ತು, ಕಂಬಿ ಚಂದಕ್ಕೆ ಕಟ್ಟಿದ್ದರು. ಏಣಿ ಹತ್ತಿ ಮುಂದಿನ ಎಡ ಮೂಲೆ ನೋಡಿದೆ. ಮುಂದಿನ ಗೋಡೆಯ ಎರಡು ಕಂಬಿ ಮೂಲೆಯವರೆಗೆ ಬಂದು ನಿಂತಿದ್ದವು. ಪಕ್ಕದ ಗೋಡೆಯ ಎರಡು ಕಂಬಿ ಅವುಗಳ ಮೇಲೆ ಅಡ್ಡ ಬಂದು ನಿಂತಿದ್ದವು. ನಡುವೆ ಕಟ್ಟುತಂತಿಯ ನಾಲ್ಕು ಸುತ್ತು. ನಾಳೆ ಕಾಂಕ್ರೀಟ್ ಬಿದ್ದ ಮೇಲೆ ಹೊರಗಿನಿಂದ ನೋಡಿದರೆ ಅಖಂಡ ಬೆಲ್ಟ್. ಒಳಗೆ ನಾಲ್ಕು ಬೇರೆ ಬೇರೆ ಪಟ್ಟಿ.

ಮೂಲೆಯೇ ಮನೆ ಬಿಚ್ಚಿಕೊಳ್ಳುವ ಜಾಗ. ಅಲ್ಲಿ ಕಂಬಿ ತಿರುಗಿ ಇನ್ನೊಂದು ಗೋಡೆಗೆ ಹೋಗಬೇಕು. ಹೊರಬದಿಯ ಕಂಬಿ ಮೂಲೆ ಸುತ್ತಿ ಹೊರಬದಿಯಲ್ಲೇ ಮುಂದುವರಿಯಬೇಕು. ಒಳಬದಿಯ ಕಂಬಿ ಮೂಲೆ ದಾಟಿ ಆಚೆ ಗೋಡೆಯ ಹೊರಮೈವರೆಗೆ ಹೋಗಿ ಅಲ್ಲಿ ಬಾಗಬೇಕು. ಒಳಮೂಲೆಯಲ್ಲೇ ಬಾಗಿಸಿದರೆ ಎಳೆದಾಗ ಅದು ನೇರವಾಗಲು ಹೋಗಿ ಕಾಂಕ್ರೀಟ್ ಸಿಡಿಸುತ್ತದೆ. ಸೇರಿಕೆಯಲ್ಲಿ 10 ಮಿ.ಮೀ. ಕಂಬಿಗೆ 60 ಸೆಂ.ಮೀ. ಒಂದರ ಮೇಲೊಂದು ಹಾಯಬೇಕು.

ಮೇಸ್ತ್ರಿ ತಪ್ಪು ಮುಚ್ಚಿಡಲಿಲ್ಲ. "ಕಂಬಿ ತುಂಡು ಉಳಿಯಿತು ಅಂತ ಹಾಗೆ ಕಟ್ಟಿದ್ದು ಸರ್" ಅಂದರು. ಕಟ್ಟಿದ್ದನ್ನು ಬಿಚ್ಚುವ ಬದಲು ಎರಡು ಬದಿಯೂ 60 ಸೆಂ.ಮೀ. ಇರುವ ಎಲ್ ಆಕಾರದ ಕಂಬಿ ಬಾಗಿಸಿ ಪ್ರತಿ ಮೂಲೆಗೆ, ಪ್ರತಿ ಟೀ ಸೇರಿಕೆಗೆ ಎರಡೆರಡು ಹಾಕಿದೆವು. ರಾತ್ರಿ ಎಂಟರವರೆಗೆ ಟಾರ್ಚ್ ಬೆಳಕಿನಲ್ಲಿ ಕೆಲಸ ನಡೆಯಿತು. ಮನೆ ಕಟ್ಟಿಸುವವರು ಒಂದೇ ಒಂದು ದಿನ ಸೈಟಿನಲ್ಲಿ ಇರಲು ಸಾಧ್ಯವಾಗುವುದಾದರೆ ಅದು ಬೆಲ್ಟಿಗೆ ಕಾಂಕ್ರೀಟ್ ಬೀಳುವ ಹಿಂದಿನ ದಿನ ಆಗಿರಲಿ. ಆಮೇಲೆ ನೋಡಲು ಏನೂ ಇರುವುದಿಲ್ಲ.

ನೆಟ್ಟ ಕಂಬಿಯ ಮಾತು ಚಿಕ್ಕದು. ಸಿ ವರ್ಗದ ಎರಡು ಮಹಡಿಗೆ ಕೋಡ್ ಅದನ್ನು ಕೇಳುವುದಿಲ್ಲ. ಈ ಮನೆಗೆ ನಾನು ಕೇಳಿದೆ. ನಾಲ್ಕು ಮೂಲೆ, ಚಾವಡಿಯ ಎರಡು ಟೀ ಸೇರಿಕೆ, ಮುಂದಿನ ಬಾಗಿಲಿನ ಎರಡು ಅಂಚು, ಒಟ್ಟು ಎಂಟು ಜಾಗದಲ್ಲಿ 12 ಮಿ.ಮೀ.ನ ಒಂದೊಂದು ಕಂಬಿ, ಪಂಚಾಂಗದ ಕಾಂಕ್ರೀಟಿನಿಂದ ತಾರಸಿಯವರೆಗೆ. ಎಲ್ಲ ಕಿಟಕಿಗಳ ಅಂಚಿಗೂ ಹಾಕಲಿಲ್ಲ, ಹಾಗಾಗಿ 2.5 ಅಂಕದ ಪೂರ್ತಿ ಲಾಭವನ್ನು ಲೆಕ್ಕದಲ್ಲಿ ತೆಗೆದುಕೊಳ್ಳಲೂ ಇಲ್ಲ. ಬೆಲ್ಟ್ ಮಾತ್ರ ಇರುವ ಮನೆಯ 2ನ್ನೇ ಹಿಡಿದೆ. ಕೆಂಪುಕಲ್ಲಿನಲ್ಲಿ ಇದು ಸುಲಭ, ಕಲ್ಲಿನ ಮೂಲೆ ಕೆತ್ತಿದರೆ ಕಂಬಿಗೆ ಗೂಡು ಸಿಗುತ್ತದೆ. ಎರಡೆರಡು ಸಾಲಿಗೆ ಒಮ್ಮೆ ಗೂಡಿಗೆ ಸಣ್ಣ ಜಲ್ಲಿಯ ಕಾಂಕ್ರೀಟ್ ತುಂಬಿ ಕುಟ್ಟಬೇಕು. ಗೋಡೆ ಪೂರ್ತಿ ಎದ್ದ ಮೇಲೆ ಮೇಲಿನಿಂದ ಸುರಿದರೆ ನಡುವೆ ಪೊಳ್ಳು ಉಳಿದು ಕಂಬಿಗೆ ತುಕ್ಕು ಹಿಡಿಯುತ್ತದೆ. ಗೋಡೆಯ ಗಾರೆ 1:6. ಎಸ್ಟಿಮೇಟಿನಲ್ಲಿ 1:8 ಇತ್ತು, ಬದಲಾಯಿಸಿದೆವು.

ಇದರ ಮಿತಿ

ಈ ಅಳತೆಗಳು 3ನೇ ವಲಯದ ಈ ಮನೆಗೆ. ಇದನ್ನೇ ಹಿಮಾಲಯದ ಬುಡಕ್ಕೆ, 5ನೇ ವಲಯಕ್ಕೆ ಹೊತ್ತುಕೊಂಡು ಹೋದರೆ ಸಾಲದು. ಅಲ್ಲಿ ಮೂಲೆಯಿಂದ 45 ಸೆಂ.ಮೀ., ತೂತುಗಳ ನಡುವೆ 56 ಸೆಂ.ಮೀ. ಬೇಕು. ಗಾರೆ 1:4. ಮೂಲೆಯಲ್ಲೂ ಪ್ರತಿ ತೂತಿನ ಅಂಚಿನಲ್ಲೂ ನೆಟ್ಟ ಕಂಬಿ ಕಡ್ಡಾಯ.

ಇನ್ನೊಂದು ಮಿತಿ ಇದಕ್ಕಿಂತ ದೊಡ್ಡದು. ಬೆಲ್ಟ್ ಗೋಡೆಗಳನ್ನು ಹಿಡಿಯುತ್ತದೆ, ಗುಡ್ಡವನ್ನು ಹಿಡಿಯುವುದಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಜೋಡುಪಾಲದ ಕಡೆ ಗುಡ್ಡವೇ ಇಳಿದು ಬಂದಾಗ ಮನೆಯ ಗಟ್ಟಿತನದ ಪ್ರಶ್ನೆಯೇ ಇರಲಿಲ್ಲ. ಅದಕ್ಕೇ ನಾನು ಗುಂಡಿ ತೋಡುವ ಮೊದಲು ಮೇಲಿನ ಗುಡ್ಡ ಹತ್ತಿ ನೋಡಿದೆ. ಬಾಗಿದ ಮರ, ನೆಲದಲ್ಲಿ ಬಾಯಿ ಬಿಟ್ಟ ಸೀಳು, ಹೊಸದಾಗಿ ಒಸರುವ ನೀರು ಯಾವುದೂ ಇರಲಿಲ್ಲ. ಇದ್ದಿದ್ದರೆ ಈ ಜಾಗ ಬೇಡ ಅನ್ನುತ್ತಿದ್ದೆ. ಮೇಲಿನ ತೋಟದಲ್ಲಿ ಇಂಗುಗುಂಡಿ ತೋಡುವ ಯೋಚನೆ ಇತ್ತು. ಮನೆಯ ಮೇಲ್ಬದಿಗೆ ಅದು ಬೇಡ ಅಂತ ಹೇಳಿ, ಅಲ್ಲಿ ನೀರನ್ನು ಬದಿಗೆ ಒಯ್ಯುವ ಕಣಿ ಮಾಡಿಸಿದೆವು.

ಮೊದಲ ಮಳೆಗಾಲ ಕಳೆದ ಮೇಲೆ ಮತ್ತೆ ಹೋದೆ. ಕಿಟಕಿಗಳ ಮೂಲೆಯಿಂದ ಓರೆಯಾಗಿ ಏಳುವ ಬಿರುಕು, ಗೋಡೆ ಸೇರುವ ಮೂಲೆಯಲ್ಲಿ ನೆಟ್ಟಗಿನ ಬಿರುಕು, ಈ ಎರಡನ್ನು ಹುಡುಕಿದೆ. ಮನೆಯಲ್ಲಿ ಎಲ್ಲೂ ಇರಲಿಲ್ಲ. ಜಗಲಿಯ ನೆಲ ಮಾತ್ರ ತಗ್ಗಿನ ಕಡೆಗೆ ಸುಮಾರು 12 ಮಿ.ಮೀ. ಕೂತಿತ್ತು. ಅದು ನಿಂತಿರುವುದು ತುಂಬಿದ ಮಣ್ಣಿನ ಮೇಲೆ, ಅದರ ಕೆಳಗಿನ ಹಾಳೆಮಣ್ಣನ್ನು ನಾವು ತೆಗೆದಿರಲಿಲ್ಲ. ಸಂದು ಇದ್ದ ಕಾರಣ ಮನೆಗೆ ಏನೂ ಆಗಲಿಲ್ಲ, ಜಗಲಿಯ ನಡುವೆ ಒಂದು ಕೂದಲೆಳೆಯ ಬಿರುಕು ಬಿದ್ದಿತ್ತು. ಅದರ ಮೇಲೆ ಸಿಮೆಂಟಿನ ತೆಳ್ಳಗಿನ ಪಟ್ಟಿ ಹಚ್ಚಿ, ಮೊಳೆಯಿಂದ ಆ ದಿನದ ತಾರೀಖು ಗೀರಿ ಬಂದೆ. ಪಟ್ಟಿ ಸೀಳಿದರೆ ಫೋನ್ ಮಾಡಿ ಅಂತ ಅಮ್ಮನಿಗೆ ಹೇಳಿದ್ದೇನೆ. ಅವರು ದಿನಾ ಸಂಜೆ ಅಲ್ಲೇ ಕೂರುತ್ತಾರೆ.